ಅಜ್ಜಿಯ ಮುಖದ ಮೇಲೆ ಎರಡು ಬೆಳಕು

ಶ್ರಾವಣದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಸಾಗರದ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಹಳೆಯ ಮನೆ. ನಡುಮನೆಗೆ ಮರದ ಸರಳಿನ ಒಂದೇ ಕಿಟಕಿ. ಮಳೆಗಾಲದಲ್ಲಿ ಅಲ್ಲಿಂದ ಬರುವ ಬೆಳಕು ಸಾಲದು ಎಂದು ಎದುರು ಗೋಡೆಯ ಮೇಲೆ ಹಳದಿ ಬೆಳಕಿನ ಎಲ್‌ಇಡಿ ಬಲ್ಬು ಹಗಲಿಡೀ ಉರಿಯುತ್ತಿರುತ್ತದೆ. ಅಜ್ಜಿ ಕಿಟಕಿಗೂ ಬಲ್ಬಿಗೂ ನಡುವೆ, ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದಾಗ ಅವರು ಬಗ್ಗಿ ಅದರ ಮುಖ ನೋಡಿದ ಆ ಒಂದು ಗಳಿಗೆ ಸಿಕ್ಕಿತು. ಆ ಫೋಟೋ ಮತ್ತೆ ತೆಗೆಯಲು ಬರುವಂಥದ್ದಲ್ಲ.

ರಾತ್ರಿ ತಂಗಿ ಫೋನು ಮಾಡಿದಳು. "ಅಣ್ಣಾ, ಫೋಟೋ ಏನೋ ಚೆನ್ನಾಗಿದೆ. ಆದರೆ ಅಜ್ಜಿ ಮುಖ ಒಂದು ಕಡೆ ನೀಲಿ ಹೊಡೀತಿದೆ, ಇನ್ನೊಂದು ಕಡೆ ಅರಿಶಿನ ಹಚ್ಚಿದ ಹಾಗಿದೆ. ಸರಿ ಮಾಡಿ ಕೊಡು, ದೊಡ್ಡದು ಪ್ರಿಂಟ್ ಹಾಕಿಸಬೇಕು."

ಇಡೀ ಫೋಟೋ ಹಳದಿಯಾಗಿದ್ದರೆ ಸರಿಪಡಿಸುವುದು ಅರ್ಧ ನಿಮಿಷದ ಕೆಲಸ. ಇಡೀ ಫೋಟೋ ನೀಲಿಯಾಗಿದ್ದರೂ ಅಷ್ಟೆ. ಅರ್ಧ ನೀಲಿ, ಅರ್ಧ ಹಳದಿ ಆಗಿರುವ ಫೋಟೋದ ಮಾತೇ ಬೇರೆ. ಅದಕ್ಕೆ ಒಂದೇ ಸರಿಯಾದ ವೈಟ್ ಬ್ಯಾಲೆನ್ಸ್ ಎಂಬುದು ಇಲ್ಲ. ಒಂದು ಕಡೆ ಸರಿಮಾಡಿದಷ್ಟೂ ಇನ್ನೊಂದು ಕಡೆ ಕೆಡುತ್ತದೆ. ಏಕೆ ಹೀಗೆ ಎಂಬುದನ್ನು ತಿಳಿಯಲು ಕಂಪ್ಯೂಟರು ಬೇಡ, ಒಂದು ಬಿಳಿ ಹಾಳೆ ಮತ್ತು ಒಂದು ಪೆನ್ಸಿಲ್ ಸಾಕು.

ಸಂಜೆ ಕಪ್ಪಾಗುತ್ತಿರುವ ಹೊತ್ತಿಗೆ ಕಿಟಕಿಯ ಪಕ್ಕ ಮೇಜಿನ ಮೇಲೆ ಹಾಳೆ ಇಡಿ. ಕಿಟಕಿಯ ಎದುರು ಬದಿಯಲ್ಲಿ ಹಳದಿ ಬಲ್ಬು ಉರಿಯುತ್ತಿರಲಿ. ಎರಡೂ ಬೆಳಕು ಹೆಚ್ಚುಕಡಿಮೆ ಸಮನಾಗಿರುವಾಗ ಹಾಳೆಯ ನಡುವೆ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿದರೆ ಎರಡು ನೆರಳು ಬೀಳುತ್ತವೆ. ಒಂದು ನೀಲಿ, ಇನ್ನೊಂದು ಕಿತ್ತಳೆ. ನೀಲಿ ನೆರಳು ಬಿದ್ದ ಜಾಗಕ್ಕೆ ಬಲ್ಬಿನ ಬೆಳಕು ತಲುಪುತ್ತಿಲ್ಲ, ಅಲ್ಲಿರುವುದು ಕಿಟಕಿಯ ಬೆಳಕು ಮಾತ್ರ. ಕಿತ್ತಳೆ ನೆರಳಿನಲ್ಲಿ ಕಿಟಕಿಯ ಬೆಳಕು ಮರೆಯಾಗಿ ಬಲ್ಬಿನದು ಮಾತ್ರ ಉಳಿದಿದೆ. ಉಳಿದ ಹಾಳೆಯ ಮೇಲೆ ಎರಡೂ ಬೆರೆತಿವೆ. ಜರ್ಮನಿಯ ಕವಿ ಗಯಟೆ 1810ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತ ಗ್ರಂಥದಲ್ಲಿ ಇದೇ ಪ್ರಯೋಗವನ್ನು ಮುಸ್ಸಂಜೆಯ ಬೆಳಕು ಮತ್ತು ಮೇಣದ ಬತ್ತಿ ಇಟ್ಟುಕೊಂಡು ವಿವರಿಸಿದ್ದಾನೆ. ಆತ ಅದಕ್ಕೆ ಕೊಟ್ಟ ಕಾರಣಗಳನ್ನು ವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಆತ ಕಂಡದ್ದು ಮಾತ್ರ ಇವತ್ತಿಗೂ ಯಾರ ಮನೆಯಲ್ಲಾದರೂ ಕಾಣುತ್ತದೆ.

ಅಜ್ಜಿಯ ಮುಖದ ಮೇಲೆ ಆಗಿದ್ದೂ ಇದೇ. ಕಿಟಕಿಯ ಕಡೆಯ ಕೆನ್ನೆ ನೀಲಿ ನೆರಳಿನ ಜಾಗ, ಬಲ್ಬಿನ ಕಡೆಯ ಕೆನ್ನೆ ಕಿತ್ತಳೆ ನೆರಳಿನ ಜಾಗ, ಮೂಗಿನ ಏಣು ಎರಡೂ ಬೆರೆತ ಜಾಗ. ಚಿತ್ರದ ಪ್ರತಿಯೊಂದು ಬಿಂದುವಿನಲ್ಲೂ ಎರಡು ಬೆಳಕಿನ ಪಾಲು ಬೇರೆ ಬೇರೆ. ತಿದ್ದುವುದೆಂದರೆ ಆ ಪಾಲನ್ನು ಜಾಗದಿಂದ ಜಾಗಕ್ಕೆ ಊಹಿಸುತ್ತಾ ಹೋಗುವುದು.

ಆ ಹೊತ್ತಿನಲ್ಲಿ ಅಲ್ಲೇ ನಿಂತಿದ್ದ ನಮಗ್ಯಾರಿಗೂ ಇದು ಕಾಣಲಿಲ್ಲ. ಕಣ್ಣು ಸುತ್ತಲಿನ ಬೆಳಕಿಗೆ ಒಗ್ಗಿಕೊಂಡು, ಬಿಳಿ ಎಂದು ಗೊತ್ತಿರುವುದನ್ನು ಬಿಳಿಯಾಗಿಯೇ ತೋರಿಸುತ್ತದೆ. ಕ್ಯಾಮೆರಾ ಹಾಗಲ್ಲ. ಅದರ ವೈಟ್ ಬ್ಯಾಲೆನ್ಸ್ ಎಂದರೆ ಒಂದು ಸರಳ ಗುಣಾಕಾರ. ಸೆನ್ಸರ್ ಅಳೆದ ಕೆಂಪನ್ನು ಒಂದು ಸಂಖ್ಯೆಯಿಂದ, ನೀಲಿಯನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಿ, ಬೂದು ಬಣ್ಣದ ವಸ್ತುವಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸಮನಾಗುವಂತೆ ನೋಡಿಕೊಳ್ಳುತ್ತದೆ. ಬಲ್ಬಿನ ಬೆಳಕಿನಲ್ಲಿ ನೀಲಿ ಕಡಿಮೆ, ಆದ್ದರಿಂದ ನೀಲಿಯನ್ನು ಏರಿಸಬೇಕು. ಮಳೆಯ ಮೋಡದಡಿಯ ಬೆಳಕಿನಲ್ಲಿ ನೀಲಿ ಹೆಚ್ಚು, ಅಲ್ಲಿ ಕೆಂಪನ್ನು ಏರಿಸಬೇಕು. ಸಾಮಾನ್ಯವಾಗಿ ಈ ಎರಡು ಸಂಖ್ಯೆಗಳು ಇಡೀ ಚಿತ್ರಕ್ಕೆ ಒಂದೇ. ಎಡಕ್ಕೊಂದು, ಬಲಕ್ಕೊಂದು ಇಲ್ಲ.

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಚಿಕ್ಕಮ್ಮನ ಮನೆಯ ಬಲ್ಬಿನ ಡಬ್ಬಿಯ ಮೇಲೆ 3000K ಎಂದಿತ್ತು. ಮೋಡ ಕವಿದ ಆಕಾಶದ ಬೆಳಕು ಸುಮಾರು 6500. ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿ. ಆಟೋ ವೈಟ್ ಬ್ಯಾಲೆನ್ಸ್ ಇಂಥ ಕಡೆ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಹಾಗಾಗಿ ಎರಡೂ ಬದಿ ತಪ್ಪಾಗುತ್ತದೆ. ನಡು ಎಂದಾಗ 4750 ಎಂದು ಲೆಕ್ಕ ಹಾಕಿಬಿಡುವುದು ಸಹಜ. ಆದರೆ ಕೆಲ್ವಿನ್ ಮೆಟ್ಟಿಲುಗಳು ಸಮನಾದವಲ್ಲ. ಹಳದಿ ತುದಿಯಲ್ಲಿ 500 ಎಂಬುದು ಎದ್ದು ಕಾಣುವ ವ್ಯತ್ಯಾಸ, ನೀಲಿ ತುದಿಯಲ್ಲಿ ಅದೇ 500 ಕಣ್ಣಿಗೆ ತಾಗುವುದೂ ಕಷ್ಟ. ಹತ್ತು ಲಕ್ಷವನ್ನು ಕೆಲ್ವಿನ್ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೈರೆಡ್ ಎಂಬ ಅಳತೆಯಲ್ಲಿ ನೋಡಿದರೆ ಕಣ್ಣಿಗೆ ಒಪ್ಪುವ ನಡು ಸಿಗುತ್ತದೆ. 3000ಕ್ಕೆ 333, 6500ಕ್ಕೆ 154, ಇವೆರಡರ ನಡು ಸುಮಾರು 244, ಅಂದರೆ 4100 ಕೆಲ್ವಿನ್. ಎರಡೂ ಕಡೆ ಸಮ ಸಮ ತಪ್ಪಾಗಿರಲಿ ಎನ್ನುವವರು ಸ್ಲೈಡರನ್ನು 4750ರಲ್ಲಲ್ಲ, 4100ರ ಆಸುಪಾಸಿನಲ್ಲಿ ನಿಲ್ಲಿಸಬೇಕು. ಕೆಲವು ಫೋಟೋಗಳಿಗೆ ಅಷ್ಟೇ ಸಾಕು ಕೂಡ: ಮುಖ ದೂರದಲ್ಲಿದ್ದು, ಕೋಣೆಯೇ ವಿಷಯವಾಗಿದ್ದರೆ ಒಂದು ಮೂಲೆ ತಂಪಾಗಿ ಇನ್ನೊಂದು ಮೂಲೆ ಬೆಚ್ಚಗೆ ಕಾಣುವುದು ಚೆಂದವೇ. ಹತ್ತಿರದ ಮುಖಕ್ಕೆ ಅದು ಸಲ್ಲದು.

ಇನ್ನು ಅಜ್ಜಿಯ ಫೋಟೋಗೆ ಬರೋಣ. ನಾನು ಬಳಸಿದ್ದು GIMP. ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಏನನ್ನೂ ತಿದ್ದುವ ಮೊದಲು ಅಳೆಯಬೇಕು. ಅದರ Color Picker ಉಪಕರಣದಲ್ಲಿ Sample average ಎಂಬುದನ್ನು ಆರಿಸಿಕೊಂಡರೆ ಒಂದೇ ಚುಕ್ಕಿಯ ಬದಲು ಸುತ್ತಲಿನ ಸರಾಸರಿ ಸಿಗುತ್ತದೆ. ಅಂಕಿಗಳನ್ನು 0ರಿಂದ 255ರವರೆಗಿನ ಅಳತೆಯಲ್ಲಿ ಓದುವುದು ಸುಲಭ. ಅಜ್ಜಿಯ ಹಿಂದಿನ ಗೋಡೆ ಮಾಸಲು ಬಿಳಿ. ಕಿಟಕಿಯ ಕಡೆ ಅದರ ಕೆಂಪು 158, ಹಸಿರು 172, ನೀಲಿ 196. ಬಲ್ಬಿನ ಕಡೆ ಕೆಂಪು 212, ಹಸಿರು 176, ನೀಲಿ 122. ಗೋಡೆ ಒಂದೇ, ಬಳಿದ ಬಣ್ಣವೂ ಒಂದೇ. ಹಸಿರು ಹೆಚ್ಚುಕಡಿಮೆ ಅಷ್ಟೇ ಇದ್ದು, ಕೆಂಪು ನೀಲಿಗಳು ಅದಲುಬದಲಾಗಿರುವುದನ್ನು ಗಮನಿಸಿ.

ಈಗ ಒಂದೇ ಏಟಿಗೆ ಸರಿಮಾಡಲು ಹೋದರೆ ಏನಾಗುತ್ತದೆ? ಕಿಟಕಿಯ ಕಡೆಯ ಗೋಡೆಯನ್ನು ಬೂದು ಎಂದು ಕಾರ್ಯಕ್ರಮಕ್ಕೆ ಹೇಳಿದೆ. ಆ ಕಡೆ ಮೂರೂ ಅಂಕಿ 172ರ ಹತ್ತಿರ ಬಂದು ನಿಂತವು, ಅಜ್ಜಿಯ ಆ ಕೆನ್ನೆಗೆ ಜೀವ ಬಂತು. ಆದರೆ ಬಲ್ಬಿನ ಕಡೆಯ ಗೋಡೆ ಸುಮಾರು 220, 175, 85 ಆಗಿ, ಹಣ್ಣು ಮಾವಿನ ಬಣ್ಣಕ್ಕೆ ತಿರುಗಿತು. ಮೊದಲಿಗಿಂತ ಕೆಟ್ಟಿತು. ತಿರುಗಿಸಿ ಮಾಡಿದರೆ ಬಲ್ಬಿನ ಕಡೆ ಸರಿಯಾಗಿ ಕಿಟಕಿಯ ಕಡೆ ಕಡುನೀಲಿ. ಇಲ್ಲಿ ಗುಂಡಿ ಒತ್ತಿ ಮುಗಿಸುವ ದಾರಿ ಇಲ್ಲ ಎಂಬುದು ಇಲ್ಲಿಗೆ ಸ್ಪಷ್ಟವಾಗುತ್ತದೆ.

ಬೇರೆ ದಾರಿ ಹೀಗೆ: ಅದೇ ಫೋಟೋದ ಎರಡು ಪ್ರತಿ ಮಾಡಿಕೊಳ್ಳುವುದು. ಒಂದನ್ನು ಕಿಟಕಿಯ ಬೆಳಕಿಗೆ ಸರಿಮಾಡುವುದು, ಇನ್ನೊಂದನ್ನು ಬಲ್ಬಿನ ಬೆಳಕಿಗೆ. ಬಲ್ಬಿನದನ್ನು ಮೇಲಿಟ್ಟು, ಅದನ್ನು ಪೂರ್ತಿ ಮುಚ್ಚಿ, ಬಲ್ಬಿನ ಬೆಳಕು ಬಿದ್ದ ಕಡೆ ಮಾತ್ರ ಕುಂಚದಿಂದ ತೆರೆಯುತ್ತಾ ಹೋಗುವುದು.

ಕೆಳಗಿನ ಪದರಕ್ಕೆ Colors ಮೆನುವಿನ Levels ತೆರೆದರೆ ಮೂರು ಪುಟ್ಟ ಡ್ರಾಪರ್‌ಗಳು ಕಾಣುತ್ತವೆ. ನಡುವಿನದು, Pick gray point ಎಂಬುದು, ನಮಗೆ ಬೇಕಾದದ್ದು. ಅದರಿಂದ ಕಿಟಕಿಯ ಬೆಳಕು ಮಾತ್ರ ಬಿದ್ದ ಗೋಡೆಯನ್ನು ಒತ್ತಿದೆ. ಆಮೇಲೆ ಮೂಲ ಫೋಟೋವಿನ ಇನ್ನೊಂದು ಪ್ರತಿಯನ್ನು ಮೇಲಿನ ಪದರವಾಗಿ ಇಟ್ಟು, ಅದೇ ಡ್ರಾಪರ್‌ನಿಂದ ಬಲ್ಬಿನ ಬದಿಯ ಗೋಡೆಯನ್ನು ಒತ್ತಿದೆ. ಮೇಲಿನ ಪದರಕ್ಕೆ Layer ಮೆನುವಿನ Mask ಒಳಗಿನ Add Layer Mask ಮೂಲಕ ಕಪ್ಪು ಮುಸುಕು ಹಾಕಿದೆ. ಈ ಮುಸುಕಿನಲ್ಲಿ ಕಪ್ಪು ಎಂದರೆ ಮೇಲಿನ ಪದರ ಕಾಣದು, ಬಿಳಿ ಎಂದರೆ ಕಾಣುತ್ತದೆ, ಬೂದು ಎಂದರೆ ಅಷ್ಟಿಷ್ಟು. ಗೋಡೆಗೆ ಎಡದಿಂದ ಬಲಕ್ಕೆ ಕಪ್ಪಿನಿಂದ ಬಿಳಿಗೆ ಹೋಗುವ ಒಂದು Gradient ಎಳೆದದ್ದೇ ಹಿನ್ನೆಲೆ ಬಹುಪಾಲು ಸರಿಹೋಯಿತು.

ಮುಖಕ್ಕೆ ಮಾತ್ರ ಕೈಯೇ ಬೇಕು. ಅಂಚು ಮೆತ್ತಗಿರುವ ದೊಡ್ಡ ಕುಂಚ, ಅದರ Opacity 20ರ ಹತ್ತಿರ. ಒಂದೇ ಸಲ ಬಳಿಯದೆ ನಾಲ್ಕಾರು ಸಲ ತೆಳ್ಳಗೆ ಬಳಿಯಬೇಕು. ಇಲ್ಲಿ ಬೆಳಕನ್ನು ಹಿಂಬಾಲಿಸಬೇಕೇ ಹೊರತು ಮುಖದ ಗೆರೆಯನ್ನಲ್ಲ. ನಾನು ಮೊದಲ ಸಲ ಬಲಗೆನ್ನೆಯನ್ನು ದವಡೆಯವರೆಗೂ ಬಳಿದುಬಿಟ್ಟೆ. ಗಲ್ಲದ ಕೆಳಗೆ ಸತ್ತ ನೀಲಿ ಬಣ್ಣ ಎದ್ದು ಕಂಡಿತು. ಹತ್ತಿರದಿಂದ ನೋಡಿದಾಗ ಗೊತ್ತಾಯಿತು: ಬಲ್ಬು ಮೇಲಿದೆ, ಗಲ್ಲದ ಕೆಳಗೆ ಅದರ ಬೆಳಕು ಬೀಳುವುದಿಲ್ಲ, ಅಲ್ಲಿರುವುದು ಕಿಟಕಿಯ ಬೆಳಕೇ. ಪೆನ್ಸಿಲ್ಲಿನ ನೀಲಿ ನೆರಳು ಅಲ್ಲಿ ಅಜ್ಜಿಯ ಗಲ್ಲದ ಕೆಳಗೆ ಕೂತಿತ್ತು. ಅಲ್ಲಿನ ಬಿಳಿಯನ್ನು ಕಪ್ಪಿನಿಂದ ಅಳಿಸಿದೆ. ಹಾಗೆಯೇ ಬಲಗಿವಿಯ ಹಿಂದೆ, ಮೂಗಿನ ಎಡಬದಿಯ ಕುಳಿಯಲ್ಲಿ, ಸೀರೆಯ ನೆರಿಗೆಗಳ ಒಳಗೆ. ಬಲ್ಬಿನ ಕಡೆಗೆ ಮುಖ ಮಾಡಿದ ಸುಕ್ಕಿನ ಒಂದು ಮಗ್ಗುಲು ಬೆಚ್ಚಗೆ, ಇನ್ನೊಂದು ಮಗ್ಗುಲು ತಣ್ಣಗೆ. ತೊಂಬತ್ತು ದಾಟಿದವರ ಮುಖದಲ್ಲಿ ಇಂಥ ಮಗ್ಗುಲುಗಳು ನೂರಾರು. ಎಲ್ಲವನ್ನೂ ಬಳಿಯಲಾಗದು, ಬಳಿಯಬೇಕಾಗಿಯೂ ಇಲ್ಲ. ದೊಡ್ಡ ಐದಾರನ್ನು ಸರಿಮಾಡಿದರೆ ಉಳಿದವನ್ನು ಕಣ್ಣು ತಾನೇ ಒಪ್ಪಿಕೊಳ್ಳುತ್ತದೆ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಚರ್ಮದ ಅಂಕಿಗಳನ್ನೇ ಓದಬಹುದು. ಕಪ್ಪು ಮೈಬಣ್ಣವಿರಲಿ, ಬಿಳಿ ಇರಲಿ, ಸರಿಯಾದ ಬೆಳಕಿನಲ್ಲಿ ಮನುಷ್ಯರ ಚರ್ಮದಲ್ಲಿ ಕೆಂಪು ಎಲ್ಲಕ್ಕಿಂತ ಹೆಚ್ಚು, ನಂತರ ಹಸಿರು, ಎಲ್ಲಕ್ಕಿಂತ ಕಡಿಮೆ ನೀಲಿ. ಅಜ್ಜಿಯ ಎಡಗೆನ್ನೆಯಲ್ಲಿ ಮೊದಲು 148, 130, 134 ಇತ್ತು. ನೀಲಿ ಹಸಿರನ್ನು ಮೀರಿತ್ತು, ಹಾಗಾಗಿಯೇ ಚಳಿಗೆ ನಡುಗಿದವರ ಮುಖದಂತೆ ಕಂಡದ್ದು. ತಿದ್ದಿದ ಮೇಲೆ 163, 130, 97 ಆಯಿತು. ಬಲಗೆನ್ನೆಯಲ್ಲಿ ಮೊದಲು 210, 138, 52 ಇತ್ತು. ಬಲ್ಬಿಗೆ ಪೂರ್ತಿ ಸರಿಮಾಡಿದಾಗ 173, 138, 115.

ಅಂಕಿಗಳೇನೋ ಒಪ್ಪುವಂತಿದ್ದವು. ಚಿತ್ರ ಒಪ್ಪುವಂತಿರಲಿಲ್ಲ. ಬಲಗೆನ್ನೆ ಬೂದಿ ಸವರಿದಂತೆ ಸಪ್ಪೆಯಾಗಿತ್ತು, ಹಿಂದೆ ಬಲ್ಬು ಉರಿಯುತ್ತಿದೆ ಎಂಬ ಸುಳಿವೂ ಉಳಿದಿರಲಿಲ್ಲ. ಇದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಬಲ್ಬಿನ ಬೆಳಕು ಸ್ವಲ್ಪ ಹಳದಿಯಾಗಿಯೇ ಇರಬೇಕು, ನೋಡುವವರು ಅದನ್ನು ನಿರೀಕ್ಷಿಸುತ್ತಾರೆ. ಮೇಲಿನ ಪದರದ Opacity ಸ್ಲೈಡರನ್ನು 100ರಿಂದ 80ಕ್ಕೆ ಇಳಿಸಿದೆ. ಬಲಗೆನ್ನೆ 182, 138, 97ರ ಹತ್ತಿರ ಬಂತು. ಎಡಗೆನ್ನೆಗಿಂತ ತುಸು ಬೆಚ್ಚಗೆ, ತುಸು ಬೆಳ್ಳಗೆ. ಅದು ಮತ್ತೆ ಆ ನಡುಮನೆಯಂತೆ ಕಂಡಿತು. ದೇವರ ಮುಂದಿನ ನಂದಾದೀಪ ಚಿತ್ರದ ಮೂಲೆಯಲ್ಲಿತ್ತು. ಅದರ ಬೆಳಕು ಬಲ್ಬಿಗಿಂತಲೂ ಹಳದಿ. ಅದನ್ನು ನಾನು ಮುಟ್ಟಲಿಲ್ಲ. ದೀಪದ ಬೆಳಕನ್ನು ಬಿಳಿ ಮಾಡುವುದು ನನ್ನ ಲೆಕ್ಕದಲ್ಲಿ ತಿದ್ದುಪಡಿಯಲ್ಲ, ಸುಳ್ಳು.

ಡ್ರಾಪರ್ ಎಲ್ಲಿ ಒತ್ತಬೇಕು ಎಂಬುದರಲ್ಲೇ ಅರ್ಧ ಕೆಲಸವಿದೆ, ಹೆಚ್ಚಿನವರು ಸೋಲುವುದೂ ಅಲ್ಲೇ. ಮೊದಲ ಯತ್ನದಲ್ಲಿ ನಾನು ಒತ್ತಿದ್ದು ಅಜ್ಜಿಯ ಸೀರೆಯ ಬಿಳಿ ಮೈಯನ್ನು. ಮುಖ ಕಾಮಾಲೆ ಹಿಡಿದಂತೆ ಹಳದಿಯಾಯಿತು. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ ನೀಲಿ ಹಾಕುತ್ತೇವೆ ಎಂಬುದನ್ನು ಮರೆತಿದ್ದೆ. ಅದರ ಜೊತೆಗೆ ಬಟ್ಟೆ ಸೋಪಿನ ಪುಡಿಯಲ್ಲಿರುವ ಹೊಳಪಿನ ರಾಸಾಯನಿಕಗಳು ಹಗಲ ಬೆಳಕಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ನೀಲಿಯಾಗಿ ಹೊರಹಾಕುತ್ತವೆ. ಅಂದರೆ ಕಿಟಕಿಯ ಪಕ್ಕದ ಬಿಳಿ ಪಂಚೆ ನಿಜಕ್ಕೂ ಬಿಳಿಯಲ್ಲ, ತಿಳಿನೀಲಿ. ಅದನ್ನು ಬೂದು ಎಂದು ನಂಬಿಸಿದರೆ ಆ ನೀಲಿಯನ್ನು ತೆಗೆಯಲು ಕಾರ್ಯಕ್ರಮ ಎಲ್ಲಕ್ಕೂ ಹಳದಿ ಬೆರೆಸುತ್ತದೆ. ಮಲ್ಲಿಗೆ ದಂಡೆಯೂ ಬೇಡ, ಅದು ಕೆನೆ ಬಣ್ಣ. ಸ್ಟೀಲ್ ಪಾತ್ರೆ ಸುತ್ತಲಿನ ಬಣ್ಣವನ್ನೆಲ್ಲ ಹೊಳೆಯಿಸುತ್ತದೆ. ಬೆಳಕು ತೀರಾ ಹೆಚ್ಚಾಗಿ ಬೆಳ್ಳಗೆ ಸುಟ್ಟುಹೋದ ಜಾಗವಂತೂ ಬೇಡವೇ ಬೇಡ. ಮಾಸಲು ಬಿಳಿ ಅಥವಾ ಬೂದು, ಹೊಳಪಿಲ್ಲದ್ದು, ಒಂದೇ ಬೆಳಕು ಬಿದ್ದದ್ದು: ಈ ಮೂರೂ ಕೂಡಿದ ಜಾಗ ಹುಡುಕಬೇಕು.

ಫೋಟೋಗ್ರಾಫರ್‌ಗಳು ಇದಕ್ಕೆಂದೇ ಗ್ರೇ ಕಾರ್ಡ್ ಇಟ್ಟುಕೊಳ್ಳುತ್ತಾರೆ. ಅದಿಲ್ಲದಿದ್ದರೆ ನಲ್ಲಿಯ ಥ್ರೆಡ್ಡಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ರಟ್ಟಿನ ಮೇಲೆ ಹಲವು ಪದರ ಸುತ್ತಿ ಇಟ್ಟುಕೊಳ್ಳಿ. ಅದು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಮರಳಿಸುತ್ತದೆ. ಕಿಟಕಿಯ ಕಡೆ ತಿರುಗಿಸಿ ಒಂದು ಫೋಟೋ, ಬಲ್ಬಿನ ಕಡೆ ತಿರುಗಿಸಿ ಇನ್ನೊಂದು. ಆಮೇಲೆ ತಿದ್ದುವಾಗ ಅಷ್ಟು ಸಾಕು.

ಸುಲಭದ ಇನ್ನೊಂದು ಉಪಾಯ ಹಲವರು ಹೇಳಿಕೊಡುತ್ತಾರೆ: ನೀಲಿ ಬಣ್ಣವೊಂದನ್ನೇ ಆರಿಸಿ ಅದರ ಗಾಢತೆಯನ್ನು ಇಳಿಸಿಬಿಡುವುದು. ಗೋಡೆಯ ಮೇಲಿನ ನೀಲಿ ಮಬ್ಬಿಗೆ ಅದು ಒಳ್ಳೆಯದೇ. ನಾನೂ ಮಾಡಿ ನೋಡಿದೆ. ಗೋಡೆಯ ಜೊತೆಗೆ ಅಜ್ಜಿಯ ಸೀರೆಯ ನೀಲಿ ಅಂಚೂ ಬಣ್ಣ ಬಿಟ್ಟು ಬೂದಾಯಿತು. ಅದು ಅವರೇ ಆರಿಸಿ ತಂದ ಸೀರೆ. ಅಂಚಿನ ಬಣ್ಣ ಹೋದರೆ ಚಿತ್ರದಲ್ಲಿರುವುದು ಅವರ ಸೀರೆಯಲ್ಲ. ಹಾಗಾಗಿ ಆ ಉಪಾಯ ಬಳಸುವುದಿದ್ದರೆ ಅದಕ್ಕೂ ಮುಸುಕು ಹಾಕಿ, ಗೋಡೆಗೆ ಮಾತ್ರ ಬಳಿಯಬೇಕು.

ಫೋನಿನಲ್ಲೇ ಮಾಡುವವರಿಗೆ Snapseedನಂಥ ಆಪ್‌ಗಳಲ್ಲಿ White Balance ಇದೆ. ಇಡೀ ಚಿತ್ರವನ್ನು ಮೊದಲು ಮುಖ್ಯ ಮುಖದ ಬೆಳಕಿಗೆ ಸರಿಮಾಡಿಕೊಳ್ಳಿ. ಆಮೇಲೆ ಇನ್ನೊಂದು ಬೆಳಕಿಗೆ ಮತ್ತೊಮ್ಮೆ ಅದೇ ಉಪಕರಣ ಬಳಸಿ, ಮಾಡಿದ ತಿದ್ದುಪಡಿಗಳ ಪಟ್ಟಿಗೆ ಹೋಗಿ, ಆ ಎರಡನೆಯದನ್ನು ಬೆರಳಿನಿಂದ ಬೇಕಾದ ಕಡೆ ಮಾತ್ರ ಬಳಿಯಿರಿ. ತತ್ವ ಅದೇ, ಪದರ ಮತ್ತು ಮುಸುಕು. ಅಲ್ಲಿ Temperature ಜೊತೆಗೆ Tint ಎಂಬ ಸ್ಲೈಡರೂ ಇರುತ್ತದೆ. ಅದನ್ನು ಬಿಟ್ಟುಬಿಡಬೇಡಿ. ಟ್ಯೂಬ್‌ಲೈಟುಗಳಿಂದ, ಕೆಲವು ಅಗ್ಗದ ಎಲ್‌ಇಡಿಗಳಿಂದ ಬರುವ ಹಸಿರು ಛಾಯೆ ಹಳದಿ–ನೀಲಿಯ ಸ್ಲೈಡರಿಗೆ ಬಗ್ಗುವುದಿಲ್ಲ. ಎಷ್ಟು ಜರುಗಿಸಿದರೂ ಮುಖ ಪಾಚಿ ಕಟ್ಟಿದಂತೆ ಇದ್ದರೆ Tint ಅನ್ನು ಗುಲಾಬಿಯ ಕಡೆಗೆ ಸ್ವಲ್ಪ ಸರಿಸಬೇಕು. ಇದನ್ನೆಲ್ಲ ಮಾಡುವ ಮುಂಚೆ ಫೋನಿನ ನೈಟ್ ಮೋಡ್ ಆರಿಸಿ. ಪರದೆಯೇ ಹಳದಿಯಾಗಿದ್ದಾಗ ತಿದ್ದಿದರೆ ಬೆಳಿಗ್ಗೆ ನೋಡುವಾಗ ಎಲ್ಲರೂ ನೀಲಿಯಾಗಿರುತ್ತಾರೆ. ತುಂಬ ಹೊತ್ತು ನೋಡಿದರೆ ನಮ್ಮ ಕಣ್ಣೂ ತಪ್ಪಿಗೆ ಒಗ್ಗಿಬಿಡುತ್ತದೆ. ನಾನು ಅಜ್ಜಿಯ ಫೋಟೋವನ್ನು ರಾತ್ರಿ ಮುಗಿಸಿ, ಬೆಳಿಗ್ಗೆ ಎದ್ದು ನೋಡಿ, Opacity ಅನ್ನು 80ಕ್ಕೆ ಇಳಿಸಿದ್ದು.

ಇಷ್ಟೆಲ್ಲ ಮಾಡಿಯೂ ಬಗ್ಗದ ಕೆಲವು ಇವೆ. ಬಲಗೆನ್ನೆಯಲ್ಲಿ ನೀಲಿಯ ಅಂಕಿ 52 ಇದ್ದದ್ದನ್ನು 115ಕ್ಕೆ ಏರಿಸಿದೆ ಎಂದೆನಲ್ಲ, ಅಂದರೆ ಎರಡು ಪಟ್ಟಿಗಿಂತ ಹೆಚ್ಚು. ನೀಲಿಯ ಜೊತೆಗೆ ಅದರಲ್ಲಿದ್ದ ಕಾಳು ಕಾಳು ಕಲೆಗಳೂ ಅಷ್ಟೇ ಏರಿದವು. ಫೋನು ಕೊಡುವ ಜೆಪೆಗ್ ಕಡತ ಬಣ್ಣದ ಸೂಕ್ಷ್ಮಗಳನ್ನು ಕೂಡಿಸಿಟ್ಟು ಜಾಗ ಉಳಿಸುತ್ತದೆ, ಆದ್ದರಿಂದ ಹೀಗೆ ಎಳೆದಾಗ ಕೆನ್ನೆಯ ಮೇಲೆ ಚೌಕ ಚೌಕದ ತೇಪೆಗಳು ಕಾಣುತ್ತವೆ. ಕ್ಯಾಮೆರಾದ ಅಥವಾ ಕೆಲವು ಫೋನುಗಳ ರಾ ಕಡತದಲ್ಲಿ ವೈಟ್ ಬ್ಯಾಲೆನ್ಸಿನ ಗುಣಾಕಾರ ಇನ್ನೂ ಆಗಿರುವುದಿಲ್ಲ, ಸೆನ್ಸರ್ ಅಳೆದ ಅಂಕಿಗಳು ಹಾಗೇ ಇರುತ್ತವೆ. ಅದರಿಂದ ಎರಡು ಪ್ರತಿ ತೆಗೆದುಕೊಂಡರೆ, ಒಂದು ಕಿಟಕಿಗೆ ಒಂದು ಬಲ್ಬಿಗೆ, ಪದರ ಜೋಡಿಸುವ ಕೆಲಸ ಅಷ್ಟೇ ಆದರೂ ಚರ್ಮ ನುಣುಪಾಗಿ ಉಳಿಯುತ್ತದೆ. ಮೆಸೇಜಿನಲ್ಲಿ ಫೋಟೋ ಆಗಿ ಬಂದ ಪ್ರತಿಯಂತೂ ಇನ್ನಷ್ಟು ಹಿಂಡಿಹೋಗಿರುತ್ತದೆ. ತಿದ್ದುವುದಕ್ಕೆ ಕೊಡುವಾಗ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ.

ಬಲ್ಬಿನ ಸುತ್ತಲಿನ ಗೋಡೆಯಲ್ಲಿ ಕೆಂಪು 255 ಮುಟ್ಟಿತ್ತು. ಅದರಾಚೆಗೆ ನಿಜಕ್ಕೂ ಎಷ್ಟಿತ್ತು ಎಂಬುದು ಕಡತದಲ್ಲಿ ಇಲ್ಲ. ಅಲ್ಲಿ ಹಳದಿ ತೆಗೆಯಲು ಹೋದರೆ ಗುಲಾಬಿ ಕಲೆ ಉಳಿಯುತ್ತದೆ, ಬಿಳಿಯಾಗುವುದಿಲ್ಲ. ಅದನ್ನು ಹಾಗೇ ಬಿಡುವುದೇ ಸರಿ. ಎಲ್‌ಇಡಿಯ ಕಡುಗೆಂಪು ಸಾಲದಿದ್ದರೆ ಅದರಡಿಯ ಕುಂಕುಮ, ಕೆಂಪು ರೇಷ್ಮೆ ಮಂಕಾಗುವುದನ್ನೂ ಸ್ಲೈಡರ್ ತಿದ್ದಲಾರದು. ಬೆಳಕಿನಲ್ಲೇ ಇಲ್ಲದ ಬಣ್ಣ ಗುಣಾಕಾರದಿಂದ ಹುಟ್ಟುವುದಿಲ್ಲ.

ಈ ಇಡೀ ಕೆಲಸಕ್ಕೆ ನನಗೆ ಒಂದು ರಾತ್ರಿ ಮತ್ತು ಒಂದು ಬೆಳಿಗ್ಗೆ ಹಿಡಿಯಿತು. ಫೋಟೋ ತೆಗೆಯುವ ಹೊತ್ತಿಗೆ ಎದ್ದು ಹೋಗಿ ಬಲ್ಬು ಆರಿಸಿದ್ದರೆ ಎರಡು ಸೆಕೆಂಡು ಸಾಕಿತ್ತು. ಕಿಟಕಿಯ ಬೆಳಕೊಂದೇ ಸಾಕಷ್ಟಿದ್ದಾಗ ಅದೇ ಎಲ್ಲಕ್ಕಿಂತ ಒಳ್ಳೆಯದು, ಹಿರಿಯರ ಮುಖಕ್ಕಂತೂ ಆ ಮೆತ್ತನೆಯ ಬೆಳಕು ಒಪ್ಪುತ್ತದೆ. ಸಾಲದಿದ್ದರೆ ಕಿಟಕಿಯ ಪರದೆ ಎಳೆದು ಬಲ್ಬಿನಲ್ಲೇ ತೆಗೆಯಬಹುದು. ಎರಡೂ ಬೇಕೇ ಬೇಕು ಎಂದರೆ, ಅಂಗಡಿಯಲ್ಲಿ ಕೂಲ್ ಡೇಲೈಟ್ ಎಂದು ಕೊಡುವ 6500 ಕೆಲ್ವಿನ್ ಬಲ್ಬನ್ನು ಆ ಒಂದು ದಿನದ ಮಟ್ಟಿಗೆ ಹೋಲ್ಡರಿಗೆ ಹಾಕಿ. ಅದು ಮೋಡದ ದಿನದ ಕಿಟಕಿಯ ಬೆಳಕಿಗೆ ಬಹುಪಾಲು ಹೊಂದುತ್ತದೆ, ಕ್ಯಾಮೆರಾದ ಒಂದೇ ಜೋಡಿ ಸಂಖ್ಯೆ ಎರಡಕ್ಕೂ ಸಾಲುತ್ತದೆ. ಫ್ಲ್ಯಾಶ್ ಮಾತ್ರ ಬೇಡ. ಅದು ಇರುವ ಎರಡರ ಜೊತೆಗೆ ಮೂರನೆಯ ಬೆಳಕಾಗುತ್ತದೆ.

ಪ್ರಿಂಟು ಬಂದ ಮೇಲೆ ತಂಗಿ ಅದನ್ನು ಅಜ್ಜಿಗೆ ತೋರಿಸಿದಳಂತೆ. ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲು ಮಗುವನ್ನು ನೋಡಿ, ಆಮೇಲೆ ಸೀರೆಯ ಅಂಚಿನ ಮೇಲೆ ಬೆರಳಿಟ್ಟು, "ಬಣ್ಣ ಸರಿ ಬಂದಿದೆ" ಎಂದರಂತೆ. ನಿಮ್ಮ ಮನೆಯಲ್ಲಿ ಮುಂದಿನ ನಾಮಕರಣಕ್ಕೋ ಸೀಮಂತಕ್ಕೋ ಫೋನು ಹಿಡಿಯುವ ಮೊದಲು ಒಮ್ಮೆ ಸ್ವಿಚ್‌ಬೋರ್ಡಿನ ಕಡೆ ನೋಡಿ. ಆರಿಸಲು ಆಗದಿದ್ದರೆ ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳಿ.